ಹತ್ತು ವರ್ಷಕ್ಕೆ ಎಷ್ಟು ತಿಂಗಳು?

ಶನಿವಾರ ಮಧ್ಯಾಹ್ನ ನಮ್ಮ ಕಾಲೇಜಿನ ಹಿಂದಿನ ರಸ್ತೆಯಲ್ಲಿರೋ ಪ್ರೌಢಶಾಲೆಗೆ ಪಾಠ ಹೇಳೋಕೆ ಹೋಗ್ತೀವಿ. ನಾವು ನಾಲ್ಕು ಜನ. ಗಣಿತ, ವಿಜ್ಞಾನಕ್ಕೆ ಅಂತ ಹೋದವರು. ಆದರೆ ಆ ದಿನ ಸಮಾಜ ವಿಜ್ಞಾನದ ಮೇಷ್ಟ್ರು ರಜೆಯಲ್ಲಿದ್ದರು. ‘ಜನಸಂಖ್ಯೆ ಪಾಠದ ಮೇಲೆ ಒಂದು ಕಿರುಪರೀಕ್ಷೆ ಮಾಡಿಸಿ, ಗ್ರಾಫ್ ಓದೋದು ತಾನೆ, ನಿಮಗೆ ಸುಲಭ’ ಅಂತ ಮುಖ್ಯೋಪಾಧ್ಯಾಯರು ಹೇಳಿದರು. ನಮಗೂ ಸುಲಭ ಅಂತಲೇ ಅನ್ನಿಸಿತು. ಮೂರು ಸೆಮಿಸ್ಟರ್ ಗಣಿತ ಪಾಸಾದವರಿಗೆ ಒಂದು ಬಾರ್ ಗ್ರಾಫ್ ಯಾವ ಲೆಕ್ಕ?

ಬೋರ್ಡಿನ ಮೇಲೆ ಗ್ರಾಫ್ ಬರೆದೆವು. ಅಡ್ಡ ಗೆರೆಯ ಮೇಲೆ 1901ರಿಂದ 2011ರವರೆಗಿನ ದಶಕಗಳು. ನೇರ ಗೆರೆಯ ಮೇಲೆ ಆಯಾ ದಶಕದಲ್ಲಿ ಭಾರತದ ಜನಸಂಖ್ಯೆ ಶೇಕಡಾ ಎಷ್ಟು ಬೆಳೆಯಿತು ಅನ್ನೋದು. ಕೆಳಗೆ ಮೂರು ಪ್ರಶ್ನೆ. ಒಂದು, ಯಾವ ದಶಕದಲ್ಲಿ ಜನಸಂಖ್ಯೆ ಕಡಿಮೆಯಾಯಿತು? ಎರಡು, 2001–11ರ ದಶಕದ ಬಗ್ಗೆ ಗ್ರಾಫ್ ಏನು ಹೇಳುತ್ತದೆ? ಮೂರು, ಅತಿ ಹೆಚ್ಚು ಬೆಳವಣಿಗೆ ಆದ ದಶಕ ಯಾವುದು?

ಮೊದಲನೆಯದಕ್ಕೆ ಹೆಚ್ಚುಕಡಿಮೆ ಎಲ್ಲರೂ ಸರಿ ಉತ್ತರ ಬರೆದರು. 1911–21ರ ಕಂಬ ಸೊನ್ನೆಯ ಗೆರೆಯಿಂದ ಕೆಳಕ್ಕೆ ಇಳಿದಿತ್ತು, ಮೈನಸ್ 0.31. ಅದನ್ನು ನೋಡಿದರೆ ಸಾಕು, ಉತ್ತರ ಸಿಗುತ್ತೆ. ಈಗಿನ ಭಾರತದ ಗಡಿಯೊಳಗಿನ ಜನ 1911ರಲ್ಲಿ 25.21 ಕೋಟಿ ಇದ್ದವರು 1921ರಲ್ಲಿ 25.13 ಕೋಟಿ ಆಗಿದ್ದರು. ಯಾಕೆ ಅಂತ ಕೇಳಿದಾಗ ‘ಇನ್‌ಫ್ಲುಯೆಂಜ’ ಅಂತ ನಾಲ್ಕೈದು ಕೈ ಮೇಲೆದ್ದವು. 1918ರ ಆ ಜ್ವರ ಪಾಠದಲ್ಲೇ ಇದೆ.

ಆಗ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಹಂಗಾದ್ರೆ ಬರೀ ಏಳೆಂಟು ಲಕ್ಷ ಜನ ಸತ್ರಾ ಸಾರ್?’ ಅಂದ. ಅವನು ಕಳೆದು ನೋಡಿದ್ದ. ಕೋಷ್ಟಕದ ವ್ಯತ್ಯಾಸ ಸುಮಾರು 7.7 ಲಕ್ಷ. ಆದರೆ ಆ ಜ್ವರವೊಂದರಲ್ಲೇ ಈ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು. ಹಾಗಾದರೆ ಉಳಿದವರು ಎಲ್ಲಿ ಹೋದರು? ಹತ್ತು ವರ್ಷದಲ್ಲಿ ಹುಟ್ಟಿದ ಮಕ್ಕಳು ಆ ಲೆಕ್ಕವನ್ನು ತುಂಬಿಬಿಟ್ಟಿದ್ದರು. ಕಂಬ ತೋರಿಸೋದು ಹುಟ್ಟನ್ನೂ ಅಲ್ಲ, ಸಾವನ್ನೂ ಅಲ್ಲ. ಎರಡನ್ನೂ ಕೂಡಿ ಕಳೆದ ಮೇಲೆ ಉಳಿದದ್ದನ್ನು. ಗೆರೆಯ ಕೆಳಗೆ ಕಾಣೋ ಆ ಚೂರು ಕಂಬದ ಹಿಂದೆ ಅಷ್ಟು ದೊಡ್ಡ ಸಾವು ಅಡಗಿದೆ ಅಂತ ನಮಗೂ ಅವತ್ತೇ ಹೊಳೆದದ್ದು. ಅವನಿಗೆ ಹಾಗೆಯೇ ಹೇಳಿದೆವು.

ಎರಡನೇ ಪ್ರಶ್ನೆಯಲ್ಲಿ ಅರ್ಧ ಕ್ಲಾಸು ಬಿತ್ತು. ‘2001–11ರಲ್ಲಿ ಜನಸಂಖ್ಯೆ ಕಡಿಮೆಯಾಯಿತು’ ಅಂತ ಬರೆದಿದ್ದರು. ಕಾರಣ ಸರಳ. 1991–2001ರ ಕಂಬ 21.54, ಅದರ ಪಕ್ಕದ 2001–11ರ ಕಂಬ 17.7. ಪಕ್ಕದವನಿಗಿಂತ ಗಿಡ್ಡ ಕಂಡರೆ ಕಡಿಮೆಯಾಯಿತು ಅಂತ ಕಣ್ಣು ಹೇಳುತ್ತೆ. ನಿಜವಾಗಿ ಕಡಿಮೆಯಾಗಿದ್ದು ಬೆಳೆಯೋ ವೇಗ, ಜನ ಅಲ್ಲ.

ಇದನ್ನ ಹೇಳೋಕೆ ಬಸ್ಸಿನ ಉದಾಹರಣೆ ಸಾಕಾಯಿತು. ಅರವತ್ತರಲ್ಲಿ ಹೋಗ್ತಿದ್ದ ಬಸ್ಸು ನಲವತ್ತಕ್ಕೆ ಇಳಿದರೆ ಹಿಂದಕ್ಕೆ ಬಂತು ಅಂತಲ್ಲ, ಮುಂದೇ ಹೋಗ್ತಿದೆ. ಕಂಬ ಸೊನ್ನೆಯ ಗೆರೆಗಿಂತ ಕೆಳಗಿಳಿದರೆ ಮಾತ್ರ ರಿವರ್ಸ್ ಗೇರು. ನೂರಹತ್ತು ವರ್ಷದಲ್ಲಿ ಆ ಗೇರು ಬಿದ್ದದ್ದು ಒಂದೇ ಸಲ.

ಆಮೇಲೆ ಬೋರ್ಡಿನ ಮೇಲೆ ಎರಡು ಗುಣಾಕಾರ ಮಾಡಿಸಿದೆವು. 1951ರಲ್ಲಿ ಜನ 36.11 ಕೋಟಿ. ಮುಂದಿನ ದಶಕದ ದರ 21.64. ಗುಣಿಸಿದರೆ ಹೊಸದಾಗಿ ಸೇರಿದವರು 7.81 ಕೋಟಿ. 2001ರಲ್ಲಿ ಜನ 102.87 ಕೋಟಿ. ಮುಂದಿನ ದಶಕದ ದರ ಬರೀ 17.7. ಆದರೂ ಸೇರಿದವರು 18.21 ಕೋಟಿ. ಗಿಡ್ಡ ಕಂಬದಲ್ಲಿ ಉದ್ದ ಕಂಬದ ಎರಡರಷ್ಟಕ್ಕಿಂತ ಹೆಚ್ಚು ಜನ ಇದ್ದರು! ಶೇಕಡಾ ಅನ್ನೋದು ಯಾವುದರ ಶೇಕಡಾ ಅಂತ ಕೇಳದೇ ಓದಿದರೆ ಹೀಗೇ ಆಗೋದು. ಪ್ರತಿ ದಶಕಕ್ಕೂ ಅದರ ಮೊದಲ ವರ್ಷದ ಜನಸಂಖ್ಯೆಯೇ ಬುಡ, ಆ ಬುಡ ಪ್ರತಿ ಸಲ ದೊಡ್ಡದಾಗ್ತಾ ಹೋಗುತ್ತೆ.

ಇಲ್ಲಿವರೆಗೆ ನಮ್ಮ ಪಾಠ ಚೆನ್ನಾಗೇ ನಡೆದಿತ್ತು. ಎಡವಿದ್ದು ಮೂರನೇ ಪ್ರಶ್ನೆಯಲ್ಲಿ, ಎಡವಿದ್ದು ನಾವು.

ಅತಿ ಹೆಚ್ಚು ಬೆಳವಣಿಗೆಯ ದಶಕ ಯಾವುದು? ನಮ್ಮ ಗ್ರಾಫಿನ ಪ್ರಕಾರ 1961–71, ಶೇಕಡಾ 24.80. ಅದರ ನಂತರದ 1971–81 ಕೂದಲೆಳೆಯಷ್ಟು ಕಡಿಮೆ, 24.66. ಎರಡನೇ ಬೆಂಚಿನ ಹುಡುಗಿಯೊಬ್ಬಳು 1971–81 ಅಂತ ಬರೆದಿದ್ದಳು. ಕಂಬಗಳು ಹತ್ತಿರ ಹತ್ತಿರ ಇವೆ, ಕಣ್ತಪ್ಪಿರಬೇಕು ಅಂದುಕೊಂಡು ಕೆಂಪು ಇಂಕಲ್ಲಿ ತಪ್ಪು ಹಾಕಿದೆವು. ಅವಳು ಎದ್ದು ಬಂದು, ‘ಅಕ್ಕ, ನಮ್ಮ ಗೈಡಲ್ಲಿರೋ ಟೇಬಲ್ಲಲ್ಲಿ ಎಪ್ಪತ್ತೊಂದರಿಂದ ಎಂಬತ್ತೊಂದೇ ಜಾಸ್ತಿ ಇದೆ’ ಅಂದಳು. ‘ಗೈಡಲ್ಲಿ ಏನೇನೋ ಇರುತ್ತೆ, ಬೋರ್ಡ್ ನೋಡಿ ಬರೀಬೇಕಿತ್ತು’ ಅಂದುಬಿಟ್ಟೆವು. ಅವಳು ಮುಂದೆ ಮಾತಾಡಲಿಲ್ಲ. ಹತ್ತಕ್ಕೆ ಎಂಟು ಬರೆದ ಪೇಪರನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

ವಾಪಸ್ ಬರುವಾಗ ನಮ್ಮಲ್ಲೊಬ್ಬ ಅವಳ ಗೈಡಿನ ಆ ಪುಟದ ಫೋಟೊ ತೆಗೆದುಕೊಂಡು ಬಂದಿದ್ದ. ರಾತ್ರಿ ಮೆಸ್ಸಲ್ಲಿ ಊಟ ಮಾಡ್ತಾ ನೋಡಿದೆವು. ಅಲ್ಲಿ ಮೂರು ಅಂಕಣ ಇತ್ತು. ಒಟ್ಟು ಜನಸಂಖ್ಯೆ, ದಶಕದಲ್ಲಿ ಸೇರಿದವರು, ವಾರ್ಷಿಕ ಬೆಳವಣಿಗೆ ದರ. ಕೊನೆಯ ಅಂಕಣದಲ್ಲಿ 1971ರ ಎದುರು 2.20, 1981ರ ಎದುರು 2.22. ಹುಡುಗಿ ಅದನ್ನೇ ಓದಿದ್ದಳು, ಸರಿಯಾಗೇ ಓದಿದ್ದಳು.

ಮೊದಲು ತಲೆಗೆ ಹೋಗಿದ್ದು ಬೇರೆ ಗೊಂದಲ. 24.80ನ್ನು ಹತ್ತರಿಂದ ಭಾಗಿಸಿದರೆ 2.48 ಬರಬೇಕಲ್ವಾ, 2.20 ಹೇಗೆ? ಅದಕ್ಕೆ ಉತ್ತರ ಬೇಗ ಸಿಕ್ಕಿತು, ಚಕ್ರಬಡ್ಡಿ. ಪ್ರತಿ ವರ್ಷ ಸೇರಿದ ಜನರ ಮೇಲೂ ಮುಂದಿನ ವರ್ಷ ಬೆಳವಣಿಗೆ ನಡೆಯುತ್ತೆ. ವರ್ಷಕ್ಕೆ 2.48ರಂತೆ ಚಕ್ರಬಡ್ಡಿ ಹಾಕಿದರೆ ಹತ್ತು ವರ್ಷಕ್ಕೆ ಸುಮಾರು 27.8 ಆಗಿಬಿಡುತ್ತೆ, 24.8 ಅಲ್ಲ. ಹಾಗಾಗಿ ವಾರ್ಷಿಕ ದರ ತೆಗೆಯೋಕೆ ಭಾಗಾಕಾರ ಸಾಲದು, ಲಾಗರಿದಮ್ ಬೇಕು. ಅದು ನಮಗೆ ಗೊತ್ತಿರೋ ಸೂತ್ರವೇ. ಫೋನಿನ ಕ್ಯಾಲ್ಕುಲೇಟರಲ್ಲಿ ಹಾಕಿದೆವು. P1 ಮೊದಲಿನ ಜನಸಂಖ್ಯೆ, P2 ನಂತರದ್ದು, t ವರ್ಷಗಳು.

```
r = ln(P2 / P1) / t
ln(54.82 / 43.92) / 10 = 0.0222
ln(68.33 / 54.82) / 10 = 0.0220
```

1961–71ಕ್ಕೆ 2.22. 1971–81ಕ್ಕೆ 2.20. ಗೈಡಲ್ಲಿ ಇರೋದು ಸರಿಯಾಗಿ ಇದರ ಉಲ್ಟಾ! ಎರಡು ಅಂಕಿ ಅದಲುಬದಲು ಆಗಿವೆ, ಪ್ರಿಂಟ್ ಮಿಸ್ಟೇಕು ಅಂತ ತೀರ್ಮಾನಿಸಿದೆವು. ಖುಷಿಯೂ ಆಯಿತು. ನಾವು ಹಾಕಿದ ತಪ್ಪು ಸರಿಯೇ ಇದೆ, ಹುಡುಗಿಯದ್ದೂ ತಪ್ಪಿಲ್ಲ, ಗೈಡು ಅಚ್ಚು ಹಾಕಿದವರದ್ದು ತಪ್ಪು. ಎಲ್ಲರಿಗೂ ಅನುಕೂಲವಾದ ಉತ್ತರ.

ಆದರೆ ಭಾನುವಾರ ನಮ್ಮಲ್ಲೊಬ್ಬಳು ಬೇರೊಂದು ಪಠ್ಯಪುಸ್ತಕ ತೆಗೆದು ನೋಡಿದಳು. ಅಲ್ಲೂ 2.20, 2.22. ಇನ್ನೊಂದರಲ್ಲೂ ಅದೇ. ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡಿದ್ದಾರೆ ಅಂತ ಸ್ವಲ್ಪ ಹೊತ್ತು ವಾದ ಮಾಡಿದೆವು. ಸೋಮವಾರ ಲೈಬ್ರರಿಯಲ್ಲಿ ಜನಗಣತಿಯ ಹಳೇ ಪುಸ್ತಕವೊಂದನ್ನು ಹುಡುಕಿ ತೆಗೆದಾಗ ಅದೂ ಅದನ್ನೇ ಹೇಳಿತು. ಆಗ ನಮ್ಮ ವಾದ ನಿಂತಿತು. ಲೆಕ್ಕದಲ್ಲಿ ಇರೋದು ಮೂರೇ ಅಂಕಿ. P1 ಸರಿ, P2 ಸರಿ. ಹಾಗಾದರೆ ಉಳಿದದ್ದು t. ಹತ್ತು ವರ್ಷ ಅನ್ನೋದರಲ್ಲಿ ತಪ್ಪೇನಿರೋಕೆ ಸಾಧ್ಯ?

ಅಲ್ಲೇ ಇತ್ತು. ಜನಗಣತಿ ಅಂದರೆ ವರ್ಷವಿಡೀ ಎಣಿಸೋದಲ್ಲ. ಮನೆಮನೆಗೆ ಹೋಗಿ ಬರೆಯೋದು ಕೆಲವು ವಾರ ನಡೆದರೂ ಲೆಕ್ಕ ಮಾತ್ರ ಒಂದು ಗೊತ್ತಾದ ಕ್ಷಣಕ್ಕೆ. ಆ ಕ್ಷಣಕ್ಕೆ ಬದುಕಿದ್ದವರು ಒಳಗೆ, ಆಮೇಲೆ ಹುಟ್ಟಿದವರು ಹೊರಗೆ. 1961ರಲ್ಲಿ ಆ ಕ್ಷಣ ಮಾರ್ಚ್ 1ರ ಸೂರ್ಯೋದಯ. 1981ರಲ್ಲೂ ಮಾರ್ಚ್ 1. ಆದರೆ 1971ರ ಮಾರ್ಚ್ ಮೊದಲ ವಾರ ಲೋಕಸಭಾ ಚುನಾವಣೆ ಇತ್ತು. ಎಣಿಸೋಕೆ ಹೋಗೋ ಮೇಷ್ಟ್ರುಗಳೇ ಮತಗಟ್ಟೆಯಲ್ಲೂ ಕೂರಬೇಕಲ್ವಾ? ಗಣತಿಯನ್ನು ಒಂದು ತಿಂಗಳು ಮುಂದೂಡಿದರು. ಆ ಸಲದ ಲೆಕ್ಕ ಏಪ್ರಿಲ್ 1ಕ್ಕೆ.

ಅಂದರೆ ನಾವು ‘1961–71’ ಅಂತ ಬರೆಯೋ ದಶಕದಲ್ಲಿ 121 ತಿಂಗಳು ಇವೆ. ‘1971–81’ರಲ್ಲಿ 119. ಮೊದಲನೆಯ ದಶಕ ಒಂದು ತಿಂಗಳು ಉದ್ದ, ಎರಡನೆಯದು ಒಂದು ತಿಂಗಳು ಗಿಡ್ಡ. ಮತ್ತೆ ಲೆಕ್ಕ ಹಾಕಿದೆವು.

```
ln(54.82 / 43.92) / (121/12) = 0.0220
ln(68.33 / 54.82) / (119/12) = 0.0222
```

ಗೈಡಿನ ಅಂಕಿಗಳೇ ಬಂದವು. ಪ್ರಿಂಟ್ ಮಿಸ್ಟೇಕು ಎಲ್ಲೂ ಇರಲಿಲ್ಲ.

ಒಂದು ತಿಂಗಳಿಗೆ ಇಷ್ಟು ಶಕ್ತಿ ಇದೆಯಾ ಅಂತ ನಂಬೋಕೆ ಕಷ್ಟವಾಯಿತು. ಅದಕ್ಕೆ ಇನ್ನೊಂದು ಸಣ್ಣ ಲೆಕ್ಕ. 1961ರಿಂದ 71ರವರೆಗೆ ಸೇರಿದವರು 10.9 ಕೋಟಿ. 121ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 9 ಲಕ್ಷ. ಅದು ಇಡೀ ದಶಕದ ಸರಾಸರಿ, ಕೊನೆಯ ಹೊತ್ತಿಗೆ ತಿಂಗಳಿಗೆ ಹತ್ತು ಲಕ್ಷದ ಹತ್ತಿರ ಬಂದಿರಬೇಕು. ಚುನಾವಣೆಯ ದೆಸೆಯಿಂದ ಆ ಹತ್ತು ಲಕ್ಷ ಜನ ಒಂದು ಕಂಬದಿಂದ ಇಳಿದು ಪಕ್ಕದ ಕಂಬ ಹತ್ತಿದರು. 24.80ಕ್ಕೂ 24.66ಕ್ಕೂ ಇರೋ ವ್ಯತ್ಯಾಸವೇ 0.14. ಅಷ್ಟು ಸಣ್ಣ ಅಂತರವನ್ನು ಬುಡಮೇಲು ಮಾಡೋಕೆ ಅಷ್ಟು ಜನ ಸಾಕು. ಅಂತರ ದೊಡ್ಡದಿದ್ದಲ್ಲಿ ಒಂದು ತಿಂಗಳು ಏನೂ ಮಾಡಲ್ಲ. ಉದಾಹರಣೆಗೆ 24.66ಕ್ಕೂ 17.7ಕ್ಕೂ ಮಧ್ಯೆ ತಿಂಗಳ ಲೆಕ್ಕ ಹಿಡಿದು ಕೂರಬೇಕಾಗಿಲ್ಲ. ಎರಡು ಕಂಬ ಹೆಚ್ಚುಕಡಿಮೆ ಸಮ ಇದ್ದಾಗಲೇ ಅವು ಒಂದೇ ಅಳತೆಗೋಲಿನಲ್ಲಿ ಅಳೆದವಾ ಅಂತ ನೋಡಬೇಕು.

ಆಮೇಲೆ ಮೂರನೇ ಪ್ರಶ್ನೆಯನ್ನ ಮತ್ತೆ ಓದಿದೆವು. ‘ಅತಿ ಹೆಚ್ಚು ಬೆಳವಣಿಗೆ ಆದ ದಶಕ ಯಾವುದು?’ ಇದಕ್ಕೆ ಮೂರು ಉತ್ತರ ಇವೆ, ಮೂರೂ ಸರಿ. ದಶಕದ ಶೇಕಡಾ ದರ ಅಂದರೆ 1961–71. ವಾರ್ಷಿಕ ದರ ಅಂದರೆ 1971–81. ಎಷ್ಟು ಜನ ಸೇರಿದರು ಅಂದರೆ 1991–2001, ಆ ದಶಕದಲ್ಲಿ 18.23 ಕೋಟಿ. ಅದರ ನಂತರದ ದಶಕದ 18.21 ಕೋಟಿಗಿಂತ ಎರಡು ಲಕ್ಷದಷ್ಟು ಹೆಚ್ಚು. 1921ರಿಂದೀಚೆಗೆ ಪ್ರತಿ ದಶಕವೂ ಅದರ ಹಿಂದಿನದಕ್ಕಿಂತ ಹೆಚ್ಚು ಜನರನ್ನು ಸೇರಿಸ್ತಾ ಬಂದಿತ್ತು, ಆ ಓಟ ಮೊದಲ ಸಲ ನಿಂತದ್ದು 2011ರಲ್ಲಿ. ಶೇಕಡಾ ಕಂಬಗಳು 1971ರ ನಂತರವೇ ಗಿಡ್ಡ ಆಗೋಕೆ ಶುರುವಾದರೂ ಜನರ ಕಂಬ ಗಿಡ್ಡವಾಗೋಕೆ ಇನ್ನೂ ನಲವತ್ತು ವರ್ಷ ಹಿಡಿಯಿತು. ಬುಡ ಅಷ್ಟು ದೊಡ್ಡದಾಗಿತ್ತು.

ತಪ್ಪು ಹುಡುಗಿಯ ಓದಿನಲ್ಲಿ ಇರಲಿಲ್ಲ. ನಮ್ಮ ಪ್ರಶ್ನೆಯಲ್ಲೇ ‘ಬೆಳವಣಿಗೆ’ ಅಂದರೆ ಯಾವುದು ಅಂತ ಹೇಳಿರಲಿಲ್ಲ.

ಮುಂದಿನ ಶನಿವಾರ ಕ್ಲಾಸಿನ ಎದುರೇ ಹೇಳಿದೆವು, ಹೋದ ವಾರ ತಪ್ಪು ಮಾಡಿದ್ದು ನಾವು ಅಂತ. ಅವಳ ಪೇಪರ್ ಇಸ್ಕೊಂಡು ಎಂಟನ್ನು ಹೊಡೆದು ಹತ್ತು ಮಾಡಿದೆವು. ಚುನಾವಣೆಯ ಕಥೆ, 121 ತಿಂಗಳ ದಶಕದ ಕಥೆ ಹೇಳಿದಾಗ ಕ್ಲಾಸು ನಕ್ಕಿತು. ಅವಳು ನಗಲಿಲ್ಲ. ‘ಹಂಗಾದ್ರೆ ಪಬ್ಲಿಕ್ ಪರೀಕ್ಷೇಲಿ ಯಾವುದು ಬರೀಲಿ ಅಕ್ಕ? ಅಲ್ಲಿ ಪೇಪರ್ ನೋಡೋರಿಗೆ ಇದೆಲ್ಲ ಹೇಳೋಕಾಗಲ್ವಲ್ಲ’ ಅಂದಳು.

ಒಂದು ಕ್ಷಣ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಒಂದು ಅಂಕ ಅಂದರೆ ಅವಳಿಗೆ ಏನು ಅಂತ ನಮಗೆ ಗೊತ್ತು. ಪಿಯುಸಿ ಸೀಟಿನ ಪಟ್ಟಿಯಲ್ಲಿ ನಾವೂ ಹೆಸರು ಹುಡುಕಿದವರೇ. ಕೊನೆಗೆ ನಾಲ್ವರೂ ಸೇರಿ ಹೇಳಿದ್ದು ಇಷ್ಟು. ಮೊದಲು ಗ್ರಾಫಿನ ತಲೆಬರಹ ಓದು, ಆಮೇಲೆ ನೇರ ಗೆರೆಯ ಪಕ್ಕ ಏನು ಬರೆದಿದೆ ನೋಡು. ಕೋಟಿ ಅಂತಿದೆಯಾ, ಶೇಕಡಾ ಅಂತಿದೆಯಾ, ಶೇಕಡಾ ಆದರೆ ದಶಕಕ್ಕಾ ವರ್ಷಕ್ಕಾ? ಪ್ರಶ್ನೆಪತ್ರಿಕೆಯಲ್ಲಿ ಗ್ರಾಫ್ ಕೊಟ್ಟಿದ್ದರೆ ಗೈಡ್ ಮರೆತು ಅದನ್ನೇ ಓದು. ಉತ್ತರ ಬರೆಯುವಾಗ ಬರೀ ‘1961–71’ ಅಂತ ಬಿಡಬೇಡ. ‘ದಶಕದ ಶೇಕಡಾ ಬೆಳವಣಿಗೆ ದರದ ಪ್ರಕಾರ 1961–71’ ಅಂತ ಪೂರ್ತಿ ಬರಿ. ಅಷ್ಟು ಬರೆದರೆ ನೀನು ಯಾವುದನ್ನು ಓದಿದೆ ಅಂತ ನೋಡೋರಿಗೆ ಗೊತ್ತಾಗುತ್ತೆ. ಅವಳು ಅದನ್ನ ನೋಟ್ಸಿನ ಅಂಚಿನಲ್ಲಿ ಬರೆದುಕೊಂಡಳು.

ಹೊರಡೋ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗ ಮತ್ತೆ ಕೈ ಎತ್ತಿದ. ‘ಸಾರ್, 2021ರ ಕಂಬ ಯಾಕಿಲ್ಲ?’ ಕೋವಿಡ್ ಬಂದು 2021ರ ಗಣತಿ ನಡೆಯಲಿಲ್ಲ, ಮುಂದಿನದರ ಲೆಕ್ಕ 2027ರ ಮಾರ್ಚ್ 1ಕ್ಕೆ ಅಂತ ಸರ್ಕಾರ ಪ್ರಕಟಿಸಿದೆ ಅಂದೆವು. ಹೇಳ್ತಾ ಹೇಳ್ತಾ ನಮಗೇ ಹೊಳೆಯಿತು. ಅಲ್ಲೇ ಬೋರ್ಡಿನ ಮೇಲೆ ಲೆಕ್ಕ ಹಾಕಿದೆವು. 2011ರ ಮಾರ್ಚ್ 1ರಿಂದ 2027ರ ಮಾರ್ಚ್ 1ಕ್ಕೆ ಹದಿನಾರು ವರ್ಷ, 192 ತಿಂಗಳು. 2001–11ರ ವೇಗದಲ್ಲೇ, ಒಂಚೂರೂ ಹೆಚ್ಚುಕಡಿಮೆ ಇಲ್ಲದೆ ಜನಸಂಖ್ಯೆ ಬೆಳೆದಿತ್ತು ಅಂತ ಸುಮ್ಮನೆ ಇಟ್ಟುಕೊಳ್ಳೋಣ. ವರ್ಷಕ್ಕೆ 1.63ರಂತೆ ಹದಿನಾರು ವರ್ಷಕ್ಕೆ ಅದು ಸುಮಾರು 30 ಆಗುತ್ತೆ. ಆ ಕಂಬವನ್ನ ಇದೇ ಗ್ರಾಫಿನಲ್ಲಿ 17.7ರ ಪಕ್ಕ ನಿಲ್ಲಿಸಿದರೆ 1961–71ರ ಕಂಬಕ್ಕಿಂತಲೂ ಎತ್ತರ ಕಾಣುತ್ತೆ. ನೋಡಿದವರು ಜನಸಂಖ್ಯಾ ಸ್ಫೋಟ ಅಂತ ಬರೀತಾರೆ. ವೇಗ ಮಾತ್ರ ಎಳ್ಳಷ್ಟೂ ಹೆಚ್ಚಾಗಿರಲ್ಲ.

ಬೋರ್ಡಿನ ಮೇಲೆ ಆ 30ರ ಕಂಬವನ್ನ ಚುಕ್ಕೆ ಗೆರೆಯಲ್ಲಿ ಬರೆದು, ‘ಇದನ್ನ 17.7ರ ಪಕ್ಕ ಹೀಗೇ ನಿಲ್ಲಿಸಬಹುದಾ?’ ಅಂತ ಕೇಳಿದೆವು. ಎರಡನೇ ಬೆಂಚಿನಿಂದ ಉತ್ತರ ಬಂತು. ‘ಇಲ್ಲ ಅಕ್ಕ, ಮೊದ್ಲು ತಿಂಗಳು ಎಣಿಸಬೇಕು.’